ಭುಜದ ಕೀಲಿನ 7 ಮಿಲಿಮೀಟರ್ ಅಲುಗಾಟ: ಕಲಬುರಗಿಯಲ್ಲಿ ಕಟ್ಟಿದ ಸೈಕ್ಲಾಯ್ಡಲ್ ಗೇರ್‌ಬಾಕ್ಸ್‌ನ ಲಾಗ್

ನಮ್ಮ ಭಾವನದು ಒಂದು ಸಣ್ಣ ಬೇಳೆ ಪ್ಯಾಕಿಂಗ್ ಘಟಕ ಇದೆ. ಒಂದು ಕಿಲೋ ತೊಗರಿಬೇಳೆ ಪ್ಯಾಕೆಟ್ ಸೀಲ್ ಆಗಿ ಬೆಲ್ಟ್ ಮೇಲೆ ಬರುತ್ತದೆ, ಅದನ್ನು ಎತ್ತಿ ಡಬ್ಬದಲ್ಲಿ ಸಾಲಾಗಿ ಇಡಬೇಕು. ಇಷ್ಟೇ ಕೆಲಸ. ಇದಕ್ಕೊಂದು ರೋಬೋಟ್ ಕೈ ಮಾಡೋಣ ಅಂತ ಹೋದ ವರ್ಷ ಶುರು ಮಾಡಿದೆ. ಕೈಯ ಉದ್ದ 400 ಮಿ.ಮೀ. ಭುಜದ ಜಾಯಿಂಟ್‌ಗೆ ಮೊದಲು ಹಾಕಿದ್ದು ಕಡಿಮೆ ಬೆಲೆಯ ಪ್ಲಾನೆಟರಿ ಗೇರ್‌ಬಾಕ್ಸ್. ಮೋಟರ್ ನಿಲ್ಲಿಸಿ ಕೈಯ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿದರೆ 7 ಮಿ.ಮೀ. ಅಲುಗಾಡುತ್ತಿತ್ತು. ಲೆಕ್ಕ ಹಾಕಿದರೆ ಸರಿಯಾಗಿ ಒಂದು ಡಿಗ್ರಿ ಪ್ಲೇ, ಅಂದರೆ ಗೇರಿನ ಸಡಿಲು. ಗೇರ್‌ಬಾಕ್ಸ್ ಕೈಯಲ್ಲಿ ಹಿಡಿದು ನೋಡಿದಾಗ ಒಂದು ಡಿಗ್ರಿ ಏನೂ ಅನ್ನಿಸಲ್ಲ, ಆದರೆ ಅದಕ್ಕೆ 400 ಮಿ.ಮೀ. ಕೈ ಕಟ್ಟಿದ ಮೇಲೆ ಪ್ಯಾಕೆಟ್ ಡಬ್ಬದ ಅಂಚಿಗೆ ಬಡಿಯುತ್ತದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕೈ ನೆಟ್ಟಗೆ ಮೇಲೆ ನಿಂತ ಜಾಗ ದಾಟುವಾಗ ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲುತ್ತದೆ. ಅಲ್ಲಿ ಗೇರಿನ ಹಲ್ಲು ಒಂದು ಮುಖ ಬಿಟ್ಟು ಇನ್ನೊಂದು ಮುಖಕ್ಕೆ ಬೀಳುತ್ತದೆ. ಆ 'ಟಕ್' ಸದ್ದು ಪ್ರತಿ ಸಲ ಕೇಳುತ್ತಿತ್ತು. ತಿರುಗಿದ ಕೋನ ಅಳೆಯುವ ಎನ್‌ಕೋಡರ್ ಮೋಟರ್ ಕಡೆ ಇದ್ದರೆ ಕಂಟ್ರೋಲರ್‌ಗೆ ಈ ಜಿಗಿತ ಗೊತ್ತೇ ಆಗಲ್ಲ. ಔಟ್‌ಪುಟ್ ಕಡೆ ಇಟ್ಟರೆ ಗೊತ್ತಾಗುತ್ತದೆ, ಆದರೆ ಮೋಟರ್ ಆ ಖಾಲಿ ಜಾಗದಲ್ಲಿ ಹಿಂದೆ ಮುಂದೆ ಹುಡುಕಾಡಿ ನಡುಗಲು ಶುರು ಮಾಡುತ್ತದೆ. ಸಾಫ್ಟ್‌ವೇರ್‌ನಲ್ಲಿ ಸರಿ ಮಾಡೋಣ ಅಂತ ನಾನು ಒಂದು ತಿಂಗಳು ಹಾಳು ಮಾಡಿಕೊಂಡೆ. ಪ್ಲೇ ಕಬ್ಬಿಣದಲ್ಲಿದೆ, ಅಲ್ಲೇ ತೆಗೆಯಬೇಕು.

ಕಾರ್ಖಾನೆಯ ರೋಬೋಟ್‌ಗಳಲ್ಲಿ ಇದಕ್ಕೆ ಎರಡು ದಾರಿ ಇವೆ. ಮಣಿಕಟ್ಟಿನಂಥ ಸಣ್ಣ, ಹಗುರ ಜಾಯಿಂಟ್‌ಗೆ ಹಾರ್ಮೋನಿಕ್ ಡ್ರೈವ್. ಬುಡ, ಭುಜದಂಥ ಭಾರ ಹೊರುವ ಜಾಯಿಂಟ್‌ಗೆ ಸೈಕ್ಲಾಯ್ಡಲ್, ಅದರಲ್ಲೂ ಮುಂದೆ ಒಂದು ಪ್ಲಾನೆಟರಿ ಹಂತ ಸೇರಿಸಿದ ಆರ್‌ವಿ ಅನ್ನೋ ಜಾತಿ. ನಾನೂ ಅದನ್ನೇ ಅನುಸರಿಸಿದೆ. ಭುಜಕ್ಕೆ ಸೈಕ್ಲಾಯ್ಡಲ್ ಇಲ್ಲೇ ಮಾಡಿಸೋದು, ಮಣಿಕಟ್ಟಿಗೆ ಸೆಕೆಂಡ್ ಹ್ಯಾಂಡ್ ಹಾರ್ಮೋನಿಕ್ ತರೋದು. ಹಾರ್ಮೋನಿಕ್‌ನ ತೆಳು ಬಟ್ಟಲು ನಮ್ಮ ಲೇತ್‌ಗಳಲ್ಲಿ ಆಗುವ ಮಾತಲ್ಲ.

ಸೈಕ್ಲಾಯ್ಡಲ್ ಒಳಗೆ ಏನು ನಡೆಯುತ್ತದೆ

ಸುತ್ತಲೂ 20 ಪಿನ್ ನಿಂತಿವೆ ಅಂದುಕೊಳ್ಳಿ. ಅದರೊಳಗೆ 19 ಉಬ್ಬುಗಳಿರುವ ಒಂದು ಡಿಸ್ಕ್. ಡಿಸ್ಕ್‌ನ ನಡುವೆ ಬೇರಿಂಗ್, ಬೇರಿಂಗ್ ಒಳಗೆ ಎಕ್ಸೆಂಟ್ರಿಕ್, ಅಂದರೆ ನಡುವಿನಿಂದ ಸ್ವಲ್ಪ ಸರಿದ ದುಂಡು. ಮೋಟರ್ ಎಕ್ಸೆಂಟ್ರಿಕ್ ತಿರುಗಿಸಿದಾಗ ಡಿಸ್ಕ್ ಪಿನ್ನುಗಳ ಒಳಮೈಗೆ ಒರಗಿಕೊಂಡು ಓಲಾಡುತ್ತದೆ. ಒಂದು ಸುತ್ತು ಓಲಾಡಿದರೆ ಒಂದೇ ಒಂದು ಉಬ್ಬಿನಷ್ಟು ಹಿಂದಕ್ಕೆ ತಿರುಗುತ್ತದೆ. ಹಾಗಾಗಿ 19 ಸುತ್ತಿಗೆ ಒಂದು ಸುತ್ತು, ಅದೂ ಒಂದೇ ಹಂತದಲ್ಲಿ. ಡಿಸ್ಕ್‌ನಲ್ಲಿ ಆರು ತೂತು ಇರುತ್ತವೆ, ಅದರಲ್ಲಿ ಔಟ್‌ಪುಟ್ ಪಿನ್ನುಗಳು ಸೇರಿ ಓಲಾಟವನ್ನು ನುಂಗಿ ತಿರುಗಾಟವನ್ನು ಮಾತ್ರ ಹೊರಗೆ ಕೊಡುತ್ತವೆ. ತೂತು ಪಿನ್ನಿಗಿಂತ ಎಕ್ಸೆಂಟ್ರಿಕ್ ಸರಿದ ಅಳತೆಯ ಎರಡರಷ್ಟು ದೊಡ್ಡದಿರಬೇಕು. ಇದು ಜರ್ಮನಿಯ ಲೊರೆಂಜ್ ಬ್ರಾರೆನ್ 1920ರ ದಶಕದಲ್ಲಿ ಮಾಡಿದ್ದು.

ಮಾಮೂಲಿ ಗೇರಿನಲ್ಲಿ ಒಂದೆರಡು ಹಲ್ಲು ಭಾರ ಹೊರುತ್ತವೆ. ಇಲ್ಲಿ ಒಂದು ಕಡೆಯ ಹಲವು ಪಿನ್ನುಗಳು ಒಟ್ಟಿಗೆ ಹೊರುತ್ತವೆ. ಲೆಕ್ಕದ ಪ್ರಕಾರ ಆಕಾರ ಕರಾರುವಾಕ್ಕಾಗಿದ್ದರೆ ಪ್ಲೇ ಸೊನ್ನೆ. ಆದರೆ ಹಾಗೆ ಕರಾರುವಾಕ್ಕಾಗಿ ಮಾಡಿದರೆ ಜೋಡಿಸಲು ಬರಲ್ಲ, ಗ್ರೀಸ್‌ಗೂ ಜಾಗ ಇರಲ್ಲ. ಸ್ವಲ್ಪ ಸಡಿಲು ಬಿಡಲೇಬೇಕು. ಆ ಸಡಿಲು ಎಷ್ಟು, ಎಲ್ಲಿ, ಅನ್ನೋದೇ ಈ ಲಾಗ್‌ನ ಕಥೆ.

ಅಳತೆಗಳು

ಕೈಯ ತೂಕ ಒಂದೂವರೆ ಕಿಲೋ, ತುದಿಯಲ್ಲಿ ಒಂದು ಕಿಲೋ ಪ್ಯಾಕೆಟ್. ಕೈ ಅಡ್ಡಕ್ಕೆ ಚಾಚಿದಾಗ ಭುಜಕ್ಕೆ ಸುಮಾರು 7 ನ್ಯೂಟನ್ ಮೀಟರ್ ಬೇಕು. ನನ್ನ ಹತ್ತಿರ ಇದ್ದದ್ದು ನೆಮಾ 23 ಸ್ಟೆಪ್ಪರ್. ನಿಧಾನ ಓಟದಲ್ಲಿ ಅದು 0.8ರಷ್ಟು ಕೊಡುತ್ತದೆ ಅಂತ ಹಿಡಿದು, 19ರಿಂದ ಗುಣಿಸಿ, ಕಾಲು ಭಾಗ ಘರ್ಷಣೆಗೆ ಕಳೆದರೆ 11 ಉಳಿಯುತ್ತದೆ. ಸಾಕು.

ರಿಂಗ್ ಪಿನ್ನುಗಳು 6 ಮಿ.ಮೀ. ಡೋವೆಲ್, 40 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ. ಎಕ್ಸೆಂಟ್ರಿಕ್ ನಡುವಿನಿಂದ ಸರಿದದ್ದು 1.25 ಮಿ.ಮೀ. ಇಲ್ಲಿ ಒಂದು ಮಿತಿ ಇದೆ. ಆ ಸರಿದ ಅಳತೆಯನ್ನು ಪಿನ್ನಿನ ಸಂಖ್ಯೆಯಿಂದ ಗುಣಿಸಿದರೆ ಬರುವುದು ಪಿನ್ ವೃತ್ತದ ತ್ರಿಜ್ಯಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಡಿಸ್ಕ್‌ನ ಗೆರೆ ತನ್ನನ್ನೇ ದಾಟಿ ಗಂಟು ಬೀಳುತ್ತದೆ. ನನ್ನದು 25, ತ್ರಿಜ್ಯ 40, ಅಂದರೆ 0.625. ಅರ್ಧದಿಂದ ಮುಕ್ಕಾಲರ ಒಳಗೆ ಇದ್ದರೆ ನೆಮ್ಮದಿ. ಡಿಸ್ಕ್‌ನ ಹೊರಗೆರೆ ಬರೆಯಲು ಇಷ್ಟು ಸಾಕು:

```python
from math import *
R, N, e, r = 40.0, 20, 1.25, 3.00 + 0.02
for i in range(3600):
    t = radians(i / 10)
    p = atan2(sin((1-N)*t), R/(e*N) - cos((1-N)*t))
    x = R*cos(t) - r*cos(t+p) - e*cos(N*t)
    y = R*sin(t) - r*sin(t+p) - e*sin(N*t)
    print(round(x, 4), round(y, 4))
```

ಆ `3.00 + 0.02` ನೋಡಿ. ಪಿನ್ನಿನ ತ್ರಿಜ್ಯ 3, ಆದರೆ 3.02 ಅಂತ ಸುಳ್ಳು ಹೇಳಿದ್ದೇನೆ. ಇದರಿಂದ ಡಿಸ್ಕ್ ಸುತ್ತಲೂ 0.02 ಮಿ.ಮೀ. ಸಣ್ಣದಾಗುತ್ತದೆ. ಬೇಕಾದ ಸಡಿಲು ಅಲ್ಲಿಂದ ಬರುತ್ತದೆ.

ಒಂದೇ ಡಿಸ್ಕ್ ಇದ್ದರೆ ಓಲಾಟದಿಂದ ಇಡೀ ಜಾಯಿಂಟ್ ನಡುಗುತ್ತದೆ. ಅದಕ್ಕೇ ಎರಡು ಡಿಸ್ಕ್, ಒಂದಕ್ಕೊಂದು 180 ಡಿಗ್ರಿ ಎದುರು. ಪಿನ್ 20 ಸರಿಸಂಖ್ಯೆ, ಔಟ್‌ಪುಟ್ ತೂತು 6, ಅದೂ ಸರಿಸಂಖ್ಯೆ. ಹಾಗಾಗಿ ಎರಡೂ ಡಿಸ್ಕ್ ಒಂದೇ ಡ್ರಾಯಿಂಗ್‌ನಲ್ಲಿ ಕೊರೆಸಬಹುದು, ಒಂದನ್ನು ಅರ್ಧ ಸುತ್ತು ತಿರುಗಿಸಿ ಇಟ್ಟರೆ ಆಯಿತು. ಆದರೆ ಗುರುತು ಹಾಕಿಕೊಳ್ಳಿ! ಉಬ್ಬು 19, ಬೆಸಸಂಖ್ಯೆ, ಅರ್ಧ ಸುತ್ತು ತಿರುಗಿಸಿದರೆ ಉಬ್ಬಿದ್ದ ಕಡೆ ತಗ್ಗು ಬರುತ್ತದೆ. ಮೊದಲ ಜೋಡಣೆಯಲ್ಲಿ ಎರಡೂ ಗುರುತು ಒಂದೇ ಕಡೆ ಇಟ್ಟು ಒಂದು ಗಂಟೆ ಗುದ್ದಾಡಿದೆ, ಎರಡನೇ ಡಿಸ್ಕ್ ಒಳಗೇ ಹೋಗಲಿಲ್ಲ. ಗುರುತು ಎದುರುಬದುರು ಇರಬೇಕು.

ಪ್ಲಾಸ್ಟಿಕ್, ಆಮೇಲೆ ಸ್ಟೀಲ್

ಮೊದಲ ಡಿಸ್ಕ್‌ಗಳನ್ನು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದೆ. ಆಕಾರ ಸರಿ ಇದೆಯಾ ನೋಡಲು ಅದು ಒಳ್ಳೆಯದು, ಅಷ್ಟಕ್ಕೇ ಒಳ್ಳೆಯದು. ಏಪ್ರಿಲ್‌ನಲ್ಲಿ ನಮ್ಮ ಕಡೆ ಹೊರಗೇ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ ಒಳಗೆ ಇನ್ನೂ ಜಾಸ್ತಿ, ಅದರ ಮೇಲೆ ಸ್ಟೆಪ್ಪರ್ ತಾನೇ ಕಾಯುತ್ತದೆ. ಪಿಎಲ್‌ಎ 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಕೈಯನ್ನು ಅಡ್ಡಕ್ಕೆ ಚಾಚಿ, ಕರೆಂಟ್ ಕೊಟ್ಟು, ಒಂದು ಮಧ್ಯಾಹ್ನ ಬಿಟ್ಟು ಬಂದೆ. ಸಂಜೆ ಬಿಚ್ಚಿ ನೋಡಿದರೆ ಭಾರ ಹೊತ್ತ ಕಡೆಯ ನಾಲ್ಕೈದು ಉಬ್ಬುಗಳ ಮೇಲೆ ಪಿನ್ನಿನ ಅಚ್ಚು ಮೂಡಿತ್ತು, ಉಗುರಿಗೆ ತಾಗುವಷ್ಟು ತಗ್ಗು.

ಆಮೇಲೆ 5 ಮಿ.ಮೀ. ಸ್ಟೀಲ್ ಪ್ಲೇಟ್ ತೆಗೆದುಕೊಂಡು ಹೈದರಾಬಾದಿನ ಬಾಲಾನಗರದಲ್ಲಿ ವೈರ್ ಕಟ್, ಅಂದರೆ ಕರೆಂಟ್ ಹರಿಯುವ ತಂತಿಯಿಂದ ಕೊರೆಯುವ ಕೆಲಸ, ಮಾಡಿಸಿದೆ. ಹೌಸಿಂಗ್ ಮತ್ತು ಎರಡು ಕಡೆಯ ಪ್ಲೇಟು ಇಲ್ಲೇ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಆದವು. ರಿಂಗ್ ಪಿನ್ನುಗಳನ್ನು ಎರಡೂ ತುದಿಯಲ್ಲಿ ಹಿಡಿಯಬೇಕು. ಒಂದೇ ತುದಿಯಲ್ಲಿ ನಿಲ್ಲಿಸಿದರೆ ಭಾರ ಬಿದ್ದಾಗ ಬಾಗುತ್ತವೆ. ತೂತುಗಳನ್ನು ಎರಡೂ ಪ್ಲೇಟ್ ಒಟ್ಟಿಗೆ ಹಿಡಿದು ಕೊರೆದು 6 ಮಿ.ಮೀ. ರೀಮರ್ ಹಾಕಿದೆವು. ಎಕ್ಸೆಂಟ್ರಿಕ್ ಮಾತ್ರ ನಮ್ಮ ಗಲ್ಲಿಯ ಲೇತ್ ಕಾಕಾ ಮಾಡಿಕೊಟ್ಟರು. 17 ಮಿ.ಮೀ. ದುಂಡು, ಅದರಲ್ಲಿ ನಡುವಿನಿಂದ 1.25 ಸರಿದು 8 ಮಿ.ಮೀ. ತೂತು, ಮೇಲೆ 6803 ಬೇರಿಂಗ್. ನಾಲ್ಕು ದವಡೆಯ ಚಕ್‌ನಲ್ಲಿ ಡಯಲ್ ಗೇಜ್ ಇಟ್ಟು, ಒಂದು ಸುತ್ತಿಗೆ ಮುಳ್ಳು 2.50 ಆಡುವ ತನಕ ದವಡೆ ಸರಿಸಿ ಸೆಟ್ ಮಾಡಿದರು. ಸರಿದ ಅಳತೆಯ ಎರಡರಷ್ಟು ಗೇಜ್‌ನಲ್ಲಿ ಕಾಣುತ್ತದೆ, ಇದನ್ನು ಮರೆತರೆ ಕೆಲಸ ಕೆಟ್ಟಿತು.

ಅಳೆದದ್ದು ಹೇಗೆ

ಪ್ಲೇ ಅಳೆಯುವಾಗ ಮೊದಲು ಇನ್‌ಪುಟ್ ಶಾಫ್ಟ್ ಅನ್ನು ಕ್ಲಾಂಪ್‌ನಿಂದ ಬಿಗಿ ಮಾಡಿ. ಸ್ಟೆಪ್ಪರ್‌ಗೆ ಕರೆಂಟ್ ಕೊಟ್ಟು ಹಿಡಿದಿದೆ ಅಂತ ನಂಬಬೇಡಿ, ಅದು ಸ್ಪ್ರಿಂಗ್ ಥರ ಸ್ವಲ್ಪ ಕೊಡುತ್ತದೆ. ಔಟ್‌ಪುಟ್‌ಗೆ ಒಂದು ದಪ್ಪ ಪಟ್ಟಿ ಬೋಲ್ಟ್ ಮಾಡಿ, ನಡುವಿನಿಂದ 200 ಮಿ.ಮೀ. ದೂರದಲ್ಲಿ ಡಯಲ್ ಗೇಜ್ ಇಟ್ಟೆ. ಈ ದೂರದಲ್ಲಿ ಒಂದು ಆರ್ಕ್‌ಮಿನಿಟ್, ಅಂದರೆ ಡಿಗ್ರಿಯ 60ನೇ ಒಂದು ಭಾಗ, 0.058 ಮಿ.ಮೀ. ಆಗುತ್ತದೆ. ಪಟ್ಟಿಯ ತುದಿಗೆ ದಾರ ಕಟ್ಟಿ, ರಾಟೆ ಮೇಲೆ ಹಾಯಿಸಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತೂಕ ತೂಗುಬಿಟ್ಟೆ.

ಇಲ್ಲಿ ಎರಡು ಬೇರೆ ಬೇರೆ ಸಂಗತಿ ಒಂದೇ ಮುಳ್ಳಿನಲ್ಲಿ ಕಾಣುತ್ತವೆ. ಕಾಲು ಕಿಲೋ ಹಾಕಿದ ತಕ್ಷಣ ಮುಳ್ಳು ಪೂರ್ತಿ ಹಾರಿ ನಿಂತರೆ ಅದು ಪ್ಲೇ. ಅರ್ಧ, ಒಂದು, ಎರಡು ಕಿಲೋ ಅಂತ ಏರಿಸಿದಂತೆ ಮುಳ್ಳೂ ಸಮನಾಗಿ ಏರುತ್ತಾ ಹೋದರೆ ಅದು ಲೋಹ ಬಾಗುತ್ತಿರುವುದು. ಒಂದನ್ನು ಇನ್ನೊಂದು ಅಂತ ತಿಳಿದರೆ ತಪ್ಪು ಜಾಗದಲ್ಲಿ ರಿಪೇರಿಗೆ ಇಳಿಯುತ್ತೀರಿ. ಹಾಗಾಗಿ ಎರಡೂ ಕಡೆ ಅರ್ಧ ಕಿಲೋ ಹಾಕಿ ಪ್ಲೇ ಬರೆದುಕೊಂಡೆ, ಆಮೇಲೆ 3 ಕಿಲೋವರೆಗೆ ಏರಿಸಿ ಬಾಗುವಿಕೆ ಬೇರೆ ಬರೆದುಕೊಂಡೆ. ಇನ್‌ಪುಟ್ ಅನ್ನು 30 ಡಿಗ್ರಿ 30 ಡಿಗ್ರಿ ತಿರುಗಿಸಿ 12 ಕಡೆ ಅಳೆದೆ, ಏಕೆಂದರೆ ಒಂದು ಜಾಗದಲ್ಲಿ ಬಿಗಿ, ಇನ್ನೊಂದು ಜಾಗದಲ್ಲಿ ಸಡಿಲ ಇರಬಹುದು.

ಸರಾಸರಿ 0.75 ಮಿ.ಮೀ. ಬಂತು. ಅಂದರೆ 13 ಆರ್ಕ್‌ಮಿನಿಟ್. ಒಂದು ಡಿಗ್ರಿಯಿಂದ ಇಷ್ಟಕ್ಕೆ ಇಳಿದದ್ದು ದೊಡ್ಡದೇ, ಆದರೂ ಕೈಯ ತುದಿಯಲ್ಲಿ ಒಂದೂವರೆ ಮಿಲಿಮೀಟರ್. 'ಟಕ್' ಸದ್ದು ಸಣ್ಣದಾಗಿತ್ತು, ಹೋಗಿರಲಿಲ್ಲ.

ಕಳ್ಳ ಎಲ್ಲಿದ್ದಾನೆ

ಔಟ್‌ಪುಟ್ ಫ್ಲಾಂಜ್ ತೆಗೆದೆ. ಡಿಸ್ಕ್‌ನ ಎರಡು ತೂತಿಗೆ ಬಿಗಿಯಾಗಿ ಕೂರುವ ಗೂಟ ಮಾಡಿಸಿ, ಪಟ್ಟಿಯನ್ನು ನೇರವಾಗಿ ಡಿಸ್ಕ್‌ಗೇ ಕಟ್ಟಿ ಅಳೆದೆ. ಹೀಗೆ ಮಾಡಿದರೆ ರಿಂಗ್ ಪಿನ್ ಕಡೆಯ ಪ್ಲೇ ಒಂದೇ ಕಾಣುತ್ತದೆ. 0.34 ಬಂತು, ಹತ್ತಿರ ಹತ್ತಿರ 6 ಆರ್ಕ್‌ಮಿನಿಟ್. ಇದು ನಾನೇ ಬಿಟ್ಟ 0.02ರ ಫಲ. ಲೆಕ್ಕವೂ ಹೊಂದುತ್ತದೆ: ಪಿನ್ನುಗಳು ಡಿಸ್ಕ್ ತಿರುಗಿಸುವ ತೋಳು ಹೆಚ್ಚೆಂದರೆ 19 ಗುಣಿಸು 1.25, ಅಂದರೆ 23.75 ಮಿ.ಮೀ. ಎರಡೂ ಕಡೆ ಸೇರಿ 0.04 ಸಡಿಲನ್ನು ಆ ತೋಳಿನಿಂದ ಭಾಗಿಸಿದರೆ 6ಕ್ಕೆ ಸ್ವಲ್ಪ ಕಡಿಮೆ.

ಉಳಿದ 7 ಔಟ್‌ಪುಟ್ ತೂತಿನದು. 6 ಮಿ.ಮೀ. ಪಿನ್ನಿಗೆ 2.50 ಸೇರಿಸಿ ತೂತು 8.50 ಇರಬೇಕಿತ್ತು, ಅಳೆದರೆ 8.55. ವೈರ್ ಕಟ್ ಮಾಡಿದವರ ತಪ್ಪಲ್ಲ, ಡ್ರಾಯಿಂಗ್‌ನಲ್ಲೇ 8.55 ಇತ್ತು. ಪ್ಲಾಸ್ಟಿಕ್ ಪ್ರಿಂಟ್‌ಗೆ ಅಂತ ನಾನು ಕೊಟ್ಟ ಹೆಚ್ಚುವರಿ ಜಾಗ, ಸ್ಟೀಲ್‌ಗೆ ಕಳಿಸುವಾಗ ತೆಗೆದಿರಲಿಲ್ಲ. ಬರೀ 0.05, ಒಂದು ಕೂದಲಿನ ದಪ್ಪ. ಅದು 24 ಮಿ.ಮೀ. ತ್ರಿಜ್ಯದಲ್ಲಿ ಕೂತು 7 ಆರ್ಕ್‌ಮಿನಿಟ್ ತಿಂದಿತು. ಜನ ಸಾಮಾನ್ಯವಾಗಿ ಆ ಚಂದದ ಸೈಕ್ಲಾಯ್ಡ್ ಗೆರೆಗೆ ತಲೆ ಕೆಡಿಸಿಕೊಳ್ಳುತ್ತಾರೆ, ಈ ಆರು ದುಂಡು ತೂತುಗಳನ್ನು ಯಾರೂ ನೋಡಲ್ಲ. ನನ್ನದರಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಲೇ ಅಲ್ಲೇ ಇತ್ತು.

ದೊಡ್ಡದಾದ ತೂತನ್ನು ಸಣ್ಣದು ಮಾಡಲು ಬರಲ್ಲ. ಮತ್ತೆ ಪ್ಲೇಟ್ ತಂದು, ಹೈದರಾಬಾದಿಗೆ ಹೋಗಿ, ವೈರ್ ಕಟ್‌ಗೆ ಸರದಿ ಕಾಯಬೇಕು. ಆ ರಾತ್ರಿ ಕಾಗದದ ಮೇಲೆ ಎರಡು ಡಿಸ್ಕ್ ಬರೆದು ನೋಡುತ್ತಾ ಕೂತಾಗ ಒಂದು ದಾರಿ ಕಂಡಿತು.

ಎಕ್ಸೆಂಟ್ರಿಕ್ ತಿರುಚಿದ್ದು

ಎರಡು ಡಿಸ್ಕ್ ಇವೆ. ಎರಡೂ ಔಟ್‌ಪುಟ್ ಪಿನ್ನುಗಳನ್ನು ಹಿಡಿದಿವೆ. ಎರಡಕ್ಕೂ ಅಷ್ಟೇ ಪ್ಲೇ ಇದೆ, ಎರಡೂ ಒಂದೇ ಜಾಗದಲ್ಲಿ ಸಡಿಲ. ಒಂದು ಡಿಸ್ಕ್ ಸ್ವಲ್ಪ ಮುಂದಕ್ಕೆ, ಇನ್ನೊಂದು ಸ್ವಲ್ಪ ಹಿಂದಕ್ಕೆ ತಿರುಗಿದ್ದರೆ? ಆಗ ಔಟ್‌ಪುಟ್ ಈ ಕಡೆ ಹೊರಟರೆ ಮೊದಲ ಡಿಸ್ಕ್ ತಡೆಯುತ್ತದೆ, ಆ ಕಡೆ ಹೊರಟರೆ ಎರಡನೆಯದು ತಡೆಯುತ್ತದೆ. ಇಬ್ಬರು ಎರಡು ಕಡೆಯಿಂದ ಹಿಡಿದ ಹಾಗೆ. ತೂತು ದೊಡ್ಡದಿದ್ದರೂ ಪ್ಲೇ ಉಳಿಯಲ್ಲ.

ಡಿಸ್ಕ್‌ಗಳನ್ನು ಒಂದಕ್ಕೊಂದು ತಿರುಚಲು ಡಿಸ್ಕ್ ಮುಟ್ಟಬೇಕಾಗಿಲ್ಲ. ಎಕ್ಸೆಂಟ್ರಿಕ್ ಒಂದು ಸುತ್ತು ಹೋದರೆ ಡಿಸ್ಕ್ 19ನೇ ಒಂದು ಭಾಗ ತಿರುಗುತ್ತದೆ, ಅಲ್ವಾ? ಹಾಗಾದರೆ ಎರಡು ಎಕ್ಸೆಂಟ್ರಿಕ್ ನಡುವಿನ ಕೋನ 180 ಬದಲು 181 ಮಾಡಿದರೆ ಎರಡನೇ ಡಿಸ್ಕ್ ಒಂದು ಡಿಗ್ರಿಯ 19ನೇ ಭಾಗ, ಅಂದರೆ 3.2 ಆರ್ಕ್‌ಮಿನಿಟ್ ಸರಿಯುತ್ತದೆ. ಗೇರ್‌ಬಾಕ್ಸ್‌ನ ರೇಶಿಯೋನೇ ನಮಗೆ ಸಣ್ಣ ಹೊಂದಾಣಿಕೆಯ ಸ್ಕ್ರೂ ಆಯಿತು. ಎಕ್ಸೆಂಟ್ರಿಕ್ ಅನ್ನು ಒಂದು ಡಿಗ್ರಿ ತಿರುಚುವುದು ಕೈಯಲ್ಲಿ ಆಗುವ ಕೆಲಸ, 3 ಆರ್ಕ್‌ಮಿನಿಟ್ ತಿರುಚುವುದು ಅಲ್ಲ.

ಮರುದಿನ ಕಾಕಾ ಹತ್ತಿರ ಹೋದೆ. ಮೊದಲ ಎಕ್ಸೆಂಟ್ರಿಕ್ ಎರಡೂ ಸೇರಿ ಒಂದೇ ತುಂಡಾಗಿತ್ತು. ಈಗ ಎರಡು ಬೇರೆ ಬೇರೆ ತುಂಡು, 8 ಮಿ.ಮೀ. ಶಾಫ್ಟ್ ಮೇಲೆ ಕೂರುವಂತೆ ಬೇಕು ಅಂದೆ. ಕಾಕಾ ಹಳೆಯದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಛಲೋನೇ ಅದಲ್ಲ ತಮ್ಮಾ, ಯಾಕ ಕೆಡಸ್ತಿ?" ಅಂದರು. ನಾನು ಚಿತ್ರ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಅಂದ್ರ ಲೇತಿನ ಸ್ಕ್ರೂಗೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗೀತೀವಲ್ಲ, ಹಂಗ?" ಅಂದರು. ಅಷ್ಟೇ ಕಾಕಾ, ಅಷ್ಟೇ! ಅಂದೆ. ಲೇತ್‌ನ ಅಡ್ಡ ಸ್ಲೈಡ್‌ನ ಪ್ಲೇ ತೆಗೆಯಲು ಅವರು ಎಷ್ಟೋ ವರ್ಷದಿಂದ ಮಾಡುತ್ತಿರುವುದು ಇದೇ ಕೆಲಸ.

ಕೋನ ಇಡಲು ಎರಡನೇ ಎಕ್ಸೆಂಟ್ರಿಕ್‌ಗೆ 100 ಮಿ.ಮೀ. ಉದ್ದದ ಪಟ್ಟಿ ಕಟ್ಟಿದೆ. ಆ ದೂರದಲ್ಲಿ ಒಂದು ಡಿಗ್ರಿ ಅಂದರೆ 1.75 ಮಿ.ಮೀ. ವರ್ನಿಯರ್‌ನಿಂದ ಆರಾಮಾಗಿ ಅಳೆಯಬಹುದು. ಗ್ರಬ್ ಸ್ಕ್ರೂ ಬಿಗಿದು, ಪೂರ್ತಿ ಜೋಡಿಸಿ, ಅಳೆದು, ಮತ್ತೆ ಬಿಚ್ಚಿ, ಇನ್ನೊಂದು ಡಿಗ್ರಿ. ನಾಲ್ಕು ಸಲ ಬಿಚ್ಚಿ ಕಟ್ಟಿದೆ. ಜೊತೆಗೆ ಇನ್‌ಪುಟ್‌ಗೆ 20 ಮಿ.ಮೀ. ತ್ರಿಜ್ಯದ ರಾಟೆ ಹಾಕಿ ದಾರ ಸುತ್ತಿ, ಎಷ್ಟು ಗ್ರಾಂ ತೂಗುಬಿಟ್ಟರೆ ತಾನೇ ತಿರುಗುತ್ತದೆ ಅಂತಲೂ ನೋಡಿದೆ.

ಸೊನ್ನೆ ಡಿಗ್ರಿಯಲ್ಲಿ 0.75 ಇತ್ತು, 40 ಗ್ರಾಂಗೆ ತಿರುಗುತ್ತಿತ್ತು. ಒಂದು ಡಿಗ್ರಿಗೆ 0.57. ಎರಡಕ್ಕೆ 0.39. ಮೂರಕ್ಕೆ 0.20, ತಿರುಗಲು 60 ಗ್ರಾಂ. ಪ್ರತಿ ಡಿಗ್ರಿಗೂ 0.18 ಇಳಿಯಬೇಕು ಅನ್ನೋದು ಲೆಕ್ಕ, ಇಳಿದದ್ದೂ ಅಷ್ಟೇ. ಗೇಜ್ ಮುಂದೆ ಕೂತು ಅದನ್ನು ನೋಡಿದ ಖುಷಿ ಬೇರೆ. ನಾಲ್ಕಕ್ಕೆ ಹೋದೆ. ಪ್ಲೇ ಹೆಚ್ಚುಕಡಿಮೆ ಮಾಯ, ಆದರೆ ತಿರುಗಲು 300 ಗ್ರಾಂ ಬೇಕಾಯಿತು, ಅದೂ ಸಮನಾಗಿ ಅಲ್ಲ. ಒಂದೆರಡು ಜಾಗದಲ್ಲಿ ಹಿಡಿದುಕೊಂಡು ಆಮೇಲೆ ಜಾರುತ್ತಿತ್ತು. ಪಿನ್ನಿನ ತೂತುಗಳು ಅಲ್ಲಲ್ಲಿ ಸ್ವಲ್ಪ ಆಚೀಚೆ ಇರುತ್ತವೆ, ಸಡಿಲು ಪೂರ್ತಿ ತೆಗೆದಾಗ ಆ ತಪ್ಪುಗಳೆಲ್ಲ ಬಿಗಿಯಾಗಿ ಹೊರಬರುತ್ತವೆ. ಅದನ್ನು ಹಾಗೇ ಓಡಿಸಿದರೆ ಗ್ರೀಸ್ ಕಪ್ಪಾಗಿ ಪಿನ್ ಸವೆಯುತ್ತದೆ. ಮೂರಕ್ಕೆ ವಾಪಸ್ ಬಂದು, ರಿಟೇನಿಂಗ್ ಕಾಂಪೌಂಡ್ ಅನ್ನೋ ಲೋಹದ ಅಂಟು ಹಾಕಿ ಎಕ್ಸೆಂಟ್ರಿಕ್ ಅನ್ನು ಶಾಫ್ಟ್‌ಗೆ ಕಾಯಂ ಮಾಡಿದೆ. ಬರೀ ಗ್ರಬ್ ಸ್ಕ್ರೂ ನಂಬಿದರೆ ಒಂದು ದಿನ ಜಾರುತ್ತದೆ.

ಇದಕ್ಕೆ ಬೆಲೆಯೂ ಇದೆ. ಮೊದಲು ಎರಡೂ ಡಿಸ್ಕ್ ಸೇರಿ ಭಾರ ಹೊರುತ್ತಿದ್ದವು. ಈಗ ಒಂದು ಕಡೆಗೆ ಒಂದೇ. 3 ಕಿಲೋ ತೂಕಕ್ಕೆ ಬಾಗುವಿಕೆ ಮೊದಲು 0.12 ಇತ್ತು, ಈಗ 0.21. ನನ್ನ ಒಂದು ಕಿಲೋ ಪ್ಯಾಕೆಟ್‌ಗೆ ಇದು ನಡೆಯುತ್ತದೆ. ಹತ್ತು ಕಿಲೋ ಎತ್ತುವ ಕೈ ಆಗಿದ್ದರೆ ನಾನು ಈ ಕೆಲಸ ಮಾಡುತ್ತಿರಲಿಲ್ಲ, ಸರಿಯಾದ ತೂತಿನ ಹೊಸ ಡಿಸ್ಕ್ ಕೊರೆಸುತ್ತಿದ್ದೆ.

ಮಣಿಕಟ್ಟಿನ ಹಾರ್ಮೋನಿಕ್

ಇದು ಸೆಕೆಂಡ್ ಹ್ಯಾಂಡ್, ಅಂಗೈಯಲ್ಲಿ ಹಿಡಿಯುವಷ್ಟು. ಒಳಗೆ ಮೂರೇ ಭಾಗ. ಹೊರಗೆ ಒಳಹಲ್ಲಿನ ಗಟ್ಟಿ ಬಳೆ, 202 ಹಲ್ಲು. ಅದರೊಳಗೆ ಕಾಗದದ ಹಾಗೆ ತೆಳು ಗೋಡೆಯ ಸ್ಟೀಲ್ ಬಟ್ಟಲು, ಹೊರಗೆ 200 ಹಲ್ಲು, ಹೆಸರು ಫ್ಲೆಕ್ಸ್‌ಸ್ಪ್ಲೈನ್. ಬಟ್ಟಲೊಳಗೆ ಮೊಟ್ಟೆಯಾಕಾರದ ಬೇರಿಂಗ್, ವೇವ್ ಜನರೇಟರ್. ಮೊಟ್ಟೆ ತಿರುಗಿದಂತೆ ಬಟ್ಟಲು ಉದ್ದನೆಯ ಎರಡು ತುದಿಯಲ್ಲಿ ಮಾತ್ರ ಬಳೆಗೆ ಕಚ್ಚುತ್ತದೆ. ಒಂದು ಸುತ್ತಿಗೆ ಎರಡು ಹಲ್ಲು ಹಿಂದೆ ಬೀಳುತ್ತದೆ, ಹಾಗಾಗಿ ನೂರಕ್ಕೆ ಒಂದು. ವಾಲ್ಟನ್ ಮಸ್ಸರ್ 1950ರ ದಶಕದಲ್ಲಿ ಕಂಡುಹಿಡಿದದ್ದು. 1971ರಲ್ಲಿ ಚಂದ್ರನ ಮೇಲೆ ಓಡಿದ ಅಪೊಲೊ ಬಂಡಿಯ ಚಕ್ರಗಳಲ್ಲೂ ಇದೇ ಇತ್ತು, 80ಕ್ಕೆ ಒಂದರ ರೇಶಿಯೋ.

ಇಲ್ಲಿ ಪ್ಲೇ ಇಲ್ಲದಿರಲು ಕಾರಣ ಆ ಬಟ್ಟಲಿನ ಸ್ಪ್ರಿಂಗ್ ಗುಣ. ಎದುರುಬದುರು ಎರಡು ಕಡೆ, ಒಟ್ಟು ಸುಮಾರು ಮೂರನೇ ಒಂದು ಭಾಗದಷ್ಟು ಹಲ್ಲುಗಳು ಒಟ್ಟಿಗೆ ಒತ್ತಿಕೊಂಡಿರುತ್ತವೆ. ನಾನು ಎಕ್ಸೆಂಟ್ರಿಕ್ ತಿರುಚಿ ತಂದ ಒತ್ತಡ ಇದರಲ್ಲಿ ಹುಟ್ಟಿನಿಂದಲೇ ಇದೆ. ಆದರೆ ಅದೇ ತೆಳುತನದಿಂದ ಅದು ಭಾರಕ್ಕೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಮಿತಿ ಮೀರಿದರೆ ಹಲ್ಲು ಜಿಗಿಯುತ್ತದೆ. ಅದಕ್ಕೇ ಭುಜಕ್ಕೆ ಹಾಕಲಿಲ್ಲ.

ಹಳೆ ಗ್ರೀಸ್ ತೊಳೆಯಲು ಬಿಚ್ಚಿ ಮತ್ತೆ ಜೋಡಿಸಿದೆ. ಮೋಟರ್ ಹಚ್ಚಿದರೆ ಗುರ್ ಅಂತ ಸದ್ದು, ಕೈಗೆ ನಡುಕ. ಕೈಯಿಂದ ತಿರುಗಿಸಿದರೆ ಪ್ರತಿ ಸುತ್ತಿನಲ್ಲಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಬೇರಿಂಗ್ ಹೋಯಿತು ಅಂದುಕೊಂಡೆ. ಹಲ್ಲಿಗೆ ಮಾರ್ಕರ್ ಮಸಿ ಹಚ್ಚಿ ತಿರುಗಿಸಿ ನೋಡಿದಾಗ ವಿಷಯ ಗೊತ್ತಾಯಿತು. ಒಂದು ತುದಿಯಲ್ಲಿ ಹಲ್ಲು ಆಳಕ್ಕೆ ಕಚ್ಚಿತ್ತು, ಎದುರು ತುದಿಯಲ್ಲಿ ಮೇಲೆ ಮೇಲೆ ಸವರಿತ್ತು. ಬಟ್ಟಲು ಬಳೆಯೊಳಗೆ ಒಂದು ಕಡೆಗೆ ವಾಲಿ ಕೂತಿತ್ತು. ಎದುರುಬದುರು ಸಮ ಇರಬೇಕಾದ ಕಚ್ಚಾಟ ಒಂದು ಹಲ್ಲು ತಪ್ಪಿತ್ತು.

ತಪ್ಪು ಜೋಡಣೆಯ ಕ್ರಮದ್ದು. ನಾನು ಮೊಟ್ಟೆಯನ್ನು ಬಟ್ಟಲಿಗೆ ಮೊದಲೇ ಹಾಕಿ, ಆಮೇಲೆ ಬಳೆಯನ್ನು ಮೇಲಿನಿಂದ ಕೂರಿಸಿದ್ದೆ. ಅದು ಕೂರುತ್ತದೆ, ಅದೇ ಮೋಸ. ಸರಿಯಾದ ಕ್ರಮ ಎಂದರೆ ಬಟ್ಟಲು ದುಂಡಗಿರುವಾಗಲೇ ಬಳೆಯೊಳಗೆ ಇಡಬೇಕು, ಮೊಟ್ಟೆಯನ್ನು ಕೊನೆಗೆ, ನಿಧಾನವಾಗಿ ತಿರುಗಿಸುತ್ತಾ, ಸುತ್ತಿಗೆಯಿಂದ ಬಡಿಯದೆ ತಳ್ಳಬೇಕು. ಹಾಗೆ ಮಾಡಿದೆ. ಮಸಿಯ ಗುರುತು ಎರಡೂ ಕಡೆ ಒಂದೇ ಅಗಲ ಬಂತು, ಸದ್ದು ನಿಂತಿತು. ಬೇಗ ನೋಡಿದ್ದರಿಂದ ಹಲ್ಲು ಉಳಿಯಿತು. ಹಾಗೇ ಭಾರ ಹಾಕಿ ಓಡಿಸಿದ್ದರೆ ಬಟ್ಟಲು ಸೀಳುತ್ತಿತ್ತು. ಗ್ರೀಸ್ ಕೂಡ ಹಾರ್ಮೋನಿಕ್‌ಗೆ ಅಂತಲೇ ಬರುವುದನ್ನು ಹಾಕಿ. ಟ್ರ್ಯಾಕ್ಟರ್ ಬೇರಿಂಗ್‌ಗೆ ಹಾಕುವ ಗ್ರೀಸ್ ಈ ಸಣ್ಣ ಹಲ್ಲುಗಳ ನಡುವೆ ನಿಲ್ಲಲ್ಲ.

ಈಗಿನ ಸ್ಥಿತಿ

ಭುಜ ಮೂರು ವಾರದಿಂದ ಓಡುತ್ತಿದೆ, ದಿನಕ್ಕೆ ನಾಲ್ಕೈದು ಗಂಟೆ. ಶುರುವಿನಲ್ಲಿ ಕೈಯ ತುದಿಯಲ್ಲಿ ಪ್ಲೇ 0.4 ಮಿ.ಮೀ. ಇತ್ತು. ಆ 'ಟಕ್' ಸದ್ದು ಇಲ್ಲ. ಭಾನುವಾರ ಮತ್ತೆ 200ರಲ್ಲಿ ಗೇಜ್ ಇಟ್ಟು ನೋಡಿದೆ, 0.20 ಇದ್ದದ್ದು 0.24 ಆಗಿದೆ. ಬಿಚ್ಚಿದಾಗ ರಿಂಗ್ ಪಿನ್ನುಗಳು ಹೊಳೆಯುತ್ತಿದ್ದವು. ಔಟ್‌ಪುಟ್ ಪಿನ್ನುಗಳಲ್ಲಿ ಎರಡರ ಮೇಲೆ ಮಾತ್ರ ಮಂಕು ಗೆರೆ ಬಿದ್ದಿತ್ತು, ಅಲ್ಲಿ ಪಿನ್ ಉರುಳುತ್ತಿಲ್ಲ, ಉಜ್ಜುತ್ತಿದೆ. ಮುಂದಿನ ಡಿಸ್ಕ್‌ಗೆ ತೂತು ಸ್ವಲ್ಪ ದೊಡ್ಡದು ಮಾಡಿ, ಔಟ್‌ಪುಟ್ ಪಿನ್ನುಗಳ ಮೇಲೆ ತಿರುಗುವ ಕಂಚಿನ ಬುಷ್ ಹಾಕಬೇಕು. ಡ್ರಾಯಿಂಗ್ ಶುರು ಮಾಡಿದ್ದೇನೆ, ಈ ಸಲ ತೂತಿನ ಅಳತೆ ಮೊದಲ ಸಾಲಿನಲ್ಲೇ ಬರೆದಿದ್ದೇನೆ.